ಗಡಿಗೆಯೊಳಗೆ ಎಷ್ಟು ಲೀಟರ್?

ಅಡುಗೆಮನೆಯ ಮೂಲೆಯಲ್ಲಿರುವ ಮಣ್ಣಿನ ಗಡಿಗೆ ಎಷ್ಟು ನೀರು ಹಿಡಿಯುತ್ತದೆ ಎಂದು ತಿಳಿಯಲು ಯಾರೂ ಗಣಿತ ಮಾಡುವುದಿಲ್ಲ. ಲೀಟರಿನ ಪಾತ್ರೆಯಲ್ಲಿ ನೀರು ತೆಗೆದು ಸುರಿಯುತ್ತ ಎಣಿಸಿದರೆ ಮುಗಿಯಿತು. ಆದರೆ ಗಡಿಗೆ ಇನ್ನೂ ತಯಾರೇ ಆಗಿಲ್ಲ, ಕಾಗದದ ಮೇಲೆ ಅದರ ಅಂಚಿನ ಗೆರೆ ಮಾತ್ರ ಇದೆ ಎಂದಾದರೆ ಈ ಉಪಾಯ ನಡೆಯದು. ಪಾತ್ರೆಯ ಅಚ್ಚು ಮಾಡಿಸುವವರಿಗೂ ನೀರಿನ ಟ್ಯಾಂಕಿನ ನಕ್ಷೆ ಬರೆಯುವವರಿಗೂ ಎದುರಾಗುವುದು ಇಂಥ ಬರಿಯ ಗೆರೆಯೇ. ಅದನ್ನು ಲೀಟರಿಗೆ ತಿರುಗಿಸುವ ಎರಡು ದಾರಿಗಳನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲ ವರ್ಷಗಳಲ್ಲೇ ಕಲಿಯುತ್ತಾರೆ. ಒಂದು ಡಿಸ್ಕ್, ಅಂದರೆ ಬಿಲ್ಲೆಯ ವಿಧಾನ. ಇನ್ನೊಂದು ಶೆಲ್, ಅಂದರೆ ಚಿಪ್ಪಿನ ವಿಧಾನ. ಸೂತ್ರಗಳೆರಡೂ ಬಾಯಿಪಾಠವಾಗಿರುತ್ತವೆ. ಯಾವುದನ್ನು ಎಲ್ಲಿ ಹಾಕಬೇಕು ಎಂಬಲ್ಲಿ ಮಾತ್ರ ಪೆನ್ನು ನಿಲ್ಲುತ್ತದೆ.

ಕುಂಬಾರನ ತಿಗರಿ ತಿರುಗುವಾಗ ನಡೆಯುವುದನ್ನೇ ಗಣಿತ ಇಲ್ಲಿ ಕಾಗದದ ಮೇಲೆ ಮಾಡುತ್ತದೆ. ನಡುವೆ ಒಂದು ನೆಟ್ಟನೆಯ ಅಕ್ಷ, ಅದರ ಪಕ್ಕದಲ್ಲಿ ಒಂದು ಬಾಗಿದ ಗೆರೆ. ಗೆರೆಯನ್ನು ಅಕ್ಷದ ಸುತ್ತ ಪೂರ್ತಿ ಒಂದು ಸುತ್ತು ತಿರುಗಿಸಿದರೆ ಪಾತ್ರೆ ಸಿದ್ಧ. ಹೀಗೆ ಹುಟ್ಟಿದ್ದಕ್ಕೆ ಪರಿಭ್ರಮಣ ಘನಾಕೃತಿ ಎಂದು ಹೆಸರು. ತಿಗರಿಯ ಮೇಲೆ ಎದ್ದದ್ದೆಲ್ಲ, ಲೇತ್ ಯಂತ್ರದಲ್ಲಿ ಕಡೆದದ್ದೆಲ್ಲ ಈ ಜಾತಿಗೆ ಸೇರಿದ್ದು.

ಲೆಕ್ಕಕ್ಕೆ ಒಂದು ಗಡಿಗೆ ಬೇಕು. ಅದರ ಹೊಟ್ಟೆಯ ಒಳಮೈ 15 ಸೆಂ.ಮೀ. ತ್ರಿಜ್ಯದ ಗೋಳದ ಭಾಗ ಎಂದಿಟ್ಟುಕೊಳ್ಳಬಹುದು. ಗೋಳದ ನಡುಮಟ್ಟದಿಂದ 12 ಸೆಂ.ಮೀ. ಕೆಳಗೆ ಒಮ್ಮೆ, 12 ಸೆಂ.ಮೀ. ಮೇಲೆ ಇನ್ನೊಮ್ಮೆ ಅಡ್ಡಲಾಗಿ ಕತ್ತರಿಸಲಾಗಿದೆ. ಕೆಳಗಿನದು ಚಪ್ಪಟೆ ತಳ, ಮೇಲಿನದು ಬಾಯಿ. ಒಟ್ಟು ಎತ್ತರ 24 ಸೆಂ.ಮೀ. ನಡುಮಟ್ಟದಿಂದ ಅಳೆದ ಎತ್ತರವನ್ನು z ಎಂದೂ ಆ ಎತ್ತರದಲ್ಲಿ ಗಡಿಗೆಯ ತ್ರಿಜ್ಯವನ್ನು r ಎಂದೂ ಕರೆದರೆ, ಪೈಥಾಗೊರಸ್ ಪ್ರಮೇಯವೇ ಗೆರೆಯನ್ನು ಬರೆದುಕೊಡುತ್ತದೆ:

r² = 225 − z²

z ಸೊನ್ನೆ ಇದ್ದಲ್ಲಿ ತ್ರಿಜ್ಯ 15. z 12 ಆದಲ್ಲಿ r² 81, ಅಂದರೆ ತಳಕ್ಕೂ ಬಾಯಿಗೂ ತ್ರಿಜ್ಯ 9 ಸೆಂ.ಮೀ. ಊರಿನ ಗಡಿಗೆಗಳ ತಳ ಸಾಮಾನ್ಯವಾಗಿ ದುಂಡಗಿರುತ್ತದೆ, ಅದಕ್ಕೇ ಕೆಳಗೆ ಸಿಂಬಿ ಇಡುವುದು. ಆ ದುಂಡು ತಳದ ಲೆಕ್ಕ ಸ್ವಲ್ಪ ಮುಂದೆ ಬರುತ್ತದೆ.

ಮೊದಲು ಬಿಲ್ಲೆಗಳು. ಗಡಿಗೆಯೊಳಗಿನ ಜಾಗವನ್ನು ಅಡ್ಡಡ್ಡಲಾಗಿ, 4 ಸೆಂ.ಮೀ. ದಪ್ಪದ ಆರು ತುಂಡುಗಳಾಗಿ ಕತ್ತರಿಸಿದಂತೆ ಊಹಿಸಬೇಕು. ಪ್ರತಿ ತುಂಡಿನ ಅಂಚು ನಿಜಕ್ಕೂ ಬಾಗಿದೆ. ಆದರೂ ಅದನ್ನು ನೇರ ಅಂಚಿನ ಬಿಲ್ಲೆ ಎಂದೇ ಭಾವಿಸಿ, ತುಂಡಿನ ನಡುವಿನ ತ್ರಿಜ್ಯವನ್ನು ಇಡೀ ತುಂಡಿಗೆ ಕೊಡುವುದು. ಬಿಲ್ಲೆಯ ಘನಫಲ ಎಂದರೆ ವೃತ್ತದ ವಿಸ್ತೀರ್ಣ ಗುಣಿಸು ದಪ್ಪ, ಅಂದರೆ π r² × 4. ನಡುಮಟ್ಟದಿಂದ ಮೇಲಿನ ಮೂರು ತುಂಡುಗಳ ನಡುಬಿಂದುಗಳು 2, 6, 10 ಸೆಂ.ಮೀ. ಎತ್ತರದಲ್ಲಿವೆ. ಅಲ್ಲಿ r² ಕ್ರಮವಾಗಿ 221, 189, 125, ಕೂಡಿದರೆ 535. ಕೆಳಗಿನ ಮೂರು ತುಂಡುಗಳೂ ಇವುಗಳ ಪ್ರತಿರೂಪವೇ. ಹಾಗಾಗಿ ಒಟ್ಟು 1070, ಅದನ್ನು 4ರಿಂದ ಗುಣಿಸಿದರೆ 4280π ಘನ ಸೆಂ.ಮೀ.

ಈಗ ತುಂಡುಗಳನ್ನು ತೆಳುವಾಗಿಸಿ ನೋಡಬಹುದು. 2 ಸೆಂ.ಮೀ. ದಪ್ಪದ ಹನ್ನೆರಡು ಬಿಲ್ಲೆಗಳಾದರೆ ಉತ್ತರ 4256π. 1 ಸೆಂ.ಮೀ.ನ ಇಪ್ಪತ್ತನಾಲ್ಕು ಬಿಲ್ಲೆಗಳಾದರೆ 4250π. ಮೊದಲು 24 ಇಳಿಯಿತು, ಆಮೇಲೆ 6. ದಪ್ಪವನ್ನು ಅರ್ಧ ಮಾಡಿದಂತೆಲ್ಲ ಇಳಿತ ನಾಲ್ಕನೇ ಒಂದು ಭಾಗವಾಗುತ್ತಿದೆ. ಮುಂದಿನ ಇಳಿತ ಒಂದೂವರೆ, ಅದರ ಮುಂದಿನದು ಅದರ ಕಾಲು ಭಾಗ. ಇವನ್ನೆಲ್ಲ ಕೂಡುತ್ತ ಹೋದರೆ ಉತ್ತರ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅನುಕಲನಕ್ಕೆ ಕೈಹಾಕದೆಯೇ ಹೇಳಬಹುದು: 4248π. ಇಪ್ಪತ್ತನಾಲ್ಕು ಬಿಲ್ಲೆಗಳ ಲೆಕ್ಕಕ್ಕೂ ಇದಕ್ಕೂ ಇರುವ ವ್ಯತ್ಯಾಸ 2π ಘನ ಸೆಂ.ಮೀ., ಹೆಚ್ಚುಕಡಿಮೆ ಒಂದು ಚಹಾ ಚಮಚದಷ್ಟು ನೀರು.

ಅನುಕಲನ ಎಂಬುದು ಈ ಮೆಟ್ಟಿಲುಗಳನ್ನು ಒಂದೇ ಜಿಗಿತದಲ್ಲಿ ಹತ್ತುವ ಕ್ರಮ. ದಪ್ಪವನ್ನು dz ಎಂದು ಕರೆದು, ಬಿಲ್ಲೆಗಳನ್ನು ತಳದಿಂದ ಬಾಯಿಯವರೆಗೆ ಕೂಡಿಸಿದರೆ ಹೀಗಾಗುತ್ತದೆ:

V = π ∫ (225 − z²) dz, z = −12 ರಿಂದ 12

225ನ್ನು 24ರಿಂದ ಗುಣಿಸಿದರೆ 5400. z² ಭಾಗದಿಂದ ಕಳೆಯಬೇಕಾದದ್ದು 1152. ಉಳಿದದ್ದು 4248π, ಅಂದರೆ ಸುಮಾರು 13,345 ಘನ ಸೆಂ.ಮೀ. ಸಾವಿರ ಘನ ಸೆಂ.ಮೀ.ಗೆ ಒಂದು ಲೀಟರ್. ಹಾಗಾಗಿ ಗಡಿಗೆ ಹಿಡಿಯುವುದು 13.35 ಲೀಟರ್.

ಉತ್ತರ ಬಂದ ಕೂಡಲೇ ಅದನ್ನು ಎರಡು ಸಿಲಿಂಡರುಗಳ ನಡುವೆ ಇಟ್ಟು ನೋಡುವ ಅಭ್ಯಾಸ ಒಳ್ಳೆಯದು. ಗಡಿಗೆಯ ಒಳಜಾಗ ಪೂರ್ತಿಯಾಗಿ ಹಿಡಿಸುವ ಸಿಲಿಂಡರಿನ ತ್ರಿಜ್ಯ 15, ಎತ್ತರ 24, ಘನಫಲ 5400π. ಗಡಿಗೆಯೊಳಗೆ ಇಳಿಯಬಲ್ಲ ಸಿಲಿಂಡರಿನ ತ್ರಿಜ್ಯ 9, ಘನಫಲ 1944π. ಉತ್ತರ ಇವೆರಡರ ನಡುವೆ ಬರಲೇಬೇಕು. ಬರದಿದ್ದರೆ ಎಲ್ಲೋ π ಬಿಟ್ಟಿದೆ, ಇಲ್ಲವೇ ವರ್ಗ ಮಾಡುವುದು ಮರೆತಿದೆ. ಅರ್ಧ ನಿಮಿಷದ ಈ ಕೆಲಸವನ್ನು ಪರೀಕ್ಷೆಯ ಗಡಿಬಿಡಿಯಲ್ಲಿ ಹೆಚ್ಚಿನವರು ಮಾಡುವುದಿಲ್ಲ.

ಆದರೆ ಈ ಜಾಲರಿಯಲ್ಲಿ ಸಿಕ್ಕಿಬೀಳದ ಒಂದು ತಪ್ಪೂ ಇದೆ. ಬಾಯಿಯ ತ್ರಿಜ್ಯ 9, ಹೊಟ್ಟೆಯ ತ್ರಿಜ್ಯ 15, ಸರಾಸರಿ 12, ಆದ್ದರಿಂದ 144 ಗುಣಿಸು 24 ಎಂದು ಹೊರಡುವುದು. ಬರುವ ಉತ್ತರ 3456π. ನಿಜವಾದುದಕ್ಕಿಂತ ಎರಡೂವರೆ ಲೀಟರ್ ಕಡಿಮೆ. ಗಡಿಗೆ ತನ್ನ ಎತ್ತರದ ಬಹುಭಾಗದಲ್ಲಿ ದಪ್ಪಗೇ ಇರುತ್ತದೆ, ಕಿರಿದಾಗುವುದು ಎರಡು ತುದಿಗಳಲ್ಲಿ ಮಾತ್ರ. ಜೊತೆಗೆ ತ್ರಿಜ್ಯದ ವರ್ಗ ದಪ್ಪ ಭಾಗಕ್ಕೆ ಇನ್ನಷ್ಟು ತೂಕ ಕೊಡುತ್ತದೆ. ಇದೇ ಎತ್ತರದ ನೇರ ಸಿಲಿಂಡರಿನಲ್ಲಿ ಇಷ್ಟೇ ನೀರು ಹಿಡಿಯಬೇಕಾದರೆ ಅದರ ತ್ರಿಜ್ಯ 12 ಅಲ್ಲ, 13.3 ಸೆಂ.ಮೀ. ಆಗಬೇಕು.

ತ್ರಿಜ್ಯದ ವರ್ಗದ ಈ ಮಹಿಮೆ ತಳ ಮತ್ತು ಕತ್ತಿನಲ್ಲೂ ಕಾಣುತ್ತದೆ. ಗಡಿಗೆಯ ಮೇಲೆ 9 ಸೆಂ.ಮೀ. ತ್ರಿಜ್ಯದ, 4 ಸೆಂ.ಮೀ. ಎತ್ತರದ ನೇರ ಕತ್ತು ಕೂರಿಸಿದರೆ ಅದು 324π, ಅಂದರೆ ಒಂದು ಲೀಟರಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಚಪ್ಪಟೆ ತಳದ ಬದಲು ಗೋಳವನ್ನು ಕೆಳಗಿನ ತುದಿಯವರೆಗೂ ಬಿಟ್ಟು ದುಂಡು ತಳ ಮಾಡಿದರೆ ಆಳ ಇನ್ನೂ 3 ಸೆಂ.ಮೀ. ಹೆಚ್ಚುತ್ತದೆ. ಆದರೆ ಸೇರುವ ನೀರು 126π, 400 ಮಿಲಿಲೀಟರಿಗೂ ಕಡಿಮೆ. ಸಿಂಬಿ ಬೇಡುವ ಆ ದುಂಡು ತಳ ನೀರಿನ ಲೆಕ್ಕದಲ್ಲಿ ತರುವ ಲಾಭ ಅಷ್ಟೇ.

ಇಂಥ ಲೆಕ್ಕಕ್ಕೆ ಯುರೋಪಿನಲ್ಲಿ ದೊಡ್ಡ ತಳ್ಳು ಕೊಟ್ಟದ್ದು ಗಡಿಗೆಯಲ್ಲ, ದ್ರಾಕ್ಷಾರಸದ ಪೀಪಾಯಿ. ಗ್ರಹಗಳ ಚಲನೆಯ ನಿಯಮಗಳಿಂದ ಹೆಸರಾದ ಯೊಹಾನೆಸ್ ಕೆಪ್ಲರ್ 1613ರಲ್ಲಿ ಆಸ್ಟ್ರಿಯಾದ ಲಿಂಜ್ ನಗರದಲ್ಲಿದ್ದ. ಅದು ಅವನ ಎರಡನೇ ಮದುವೆಯ ವರ್ಷ. ಮನೆಗೆಂದು ಪೀಪಾಯಿಗಳನ್ನು ಕೊಂಡಾಗ ಮಾರುವವನು ಬಂದು, ಹೊಟ್ಟೆಯ ಮೇಲಿನ ತೂತಿನಿಂದ ತಳದ ಅಂಚಿನವರೆಗೆ ಒಂದು ಕೋಲನ್ನು ಓರೆಯಾಗಿ ಇಳಿಸಿದ. ಕೋಲು ಎಷ್ಟು ಒದ್ದೆಯಾಯಿತೋ ಅದರ ಮೇಲೆ ಬೆಲೆ ಹೇಳಿದ. ಪೀಪಾಯಿಯ ಆಕಾರ ಹೇಗಿದೆ ಎಂದು ಅವನು ನೋಡಲೇ ಇಲ್ಲ. ಉದ್ದನೆಯ ಸಣಕಲು ಪೀಪಾಯಿಗೂ ಗಿಡ್ಡನೆಯ ಡುಬ್ಬು ಪೀಪಾಯಿಗೂ ಕೋಲಿನ ಅಳತೆ ಒಂದೇ ಬರಬಹುದಲ್ಲ ಎಂಬ ಅನುಮಾನ ಕೆಪ್ಲರನಿಗೆ ಬಂತು. ಅದರ ಫಲವಾಗಿ 1615ರಲ್ಲಿ ಪೀಪಾಯಿಗಳ ಘನಫಲದ ಬಗೆಗೇ ಒಂದು ಲ್ಯಾಟಿನ್ ಪುಸ್ತಕ ಅಚ್ಚಾಯಿತು. ನ್ಯೂಟನ್ ಆಗಲಿ ಲೈಬ್ನಿಟ್ಸ್ ಆಗಲಿ ಇನ್ನೂ ಹುಟ್ಟಿರಲಿಲ್ಲ. ಘನವಸ್ತುಗಳನ್ನು ತೀರ ತೆಳುವಾದ ತುಂಡುಗಳಾಗಿ ಕಲ್ಪಿಸಿ ಕೂಡಿಸುವುದನ್ನು ಕೆಪ್ಲರ್ ಆ ಪುಸ್ತಕದಲ್ಲಿ ಧೈರ್ಯವಾಗಿ ಮಾಡಿದ.

ನಮ್ಮಲ್ಲಿ ಸಿಂಪ್ಸನ್ ನಿಯಮ ಎಂದು ಕಲಿಸುವ ಸೂತ್ರದ ಅತಿ ಸರಳ ರೂಪವನ್ನು ಜರ್ಮನ್ ಭಾಷಿಕರು ಇಂದಿಗೂ ಕೆಪ್ಲರನ ಪೀಪಾಯಿ ನಿಯಮ ಎನ್ನುತ್ತಾರೆ. ತಳದ ವಿಸ್ತೀರ್ಣ, ನಡುವಿನ ವಿಸ್ತೀರ್ಣದ ನಾಲ್ಕು ಪಟ್ಟು, ಬಾಯಿಯ ವಿಸ್ತೀರ್ಣ, ಈ ಮೂರನ್ನೂ ಕೂಡಿ ಎತ್ತರದಿಂದ ಗುಣಿಸಿ ಆರರಿಂದ ಭಾಗಿಸುವುದು. ಗಡಿಗೆಗೆ ಹಾಕಿದರೆ 81 + 900 + 81, ಒಟ್ಟು 1062. ಅದನ್ನು 24/6, ಅಂದರೆ 4ರಿಂದ ಗುಣಿಸಿದರೆ 4248π. ಅಂದಾಜು ಸೂತ್ರ ಕೂದಲೆಳೆಯಷ್ಟೂ ತಪ್ಪದೆ ಸರಿಯಾದ ಉತ್ತರ ಕೊಟ್ಟಿದೆ. ಇದು ಕಾಕತಾಳೀಯವಲ್ಲ. ಅಡ್ಡ ಸೀಳಿನ ವಿಸ್ತೀರ್ಣ z ನ ಮೂರನೇ ಘಾತ ಮೀರದ ಬಹುಪದವಾಗಿದ್ದರೆ ಈ ನಿಯಮ ಸದಾ ನಿಖರ. ಇಲ್ಲಿರುವುದು ಎರಡನೇ ಘಾತ ಮಾತ್ರ.

ಇನ್ನು ಚಿಪ್ಪುಗಳು. ಬಿಲ್ಲೆಗಾಗಿ ಗಡಿಗೆಯ ಒಳಜಾಗವನ್ನು ಅಡ್ಡಕ್ಕೆ ಕೊಯ್ದದ್ದಾಯಿತು. ಚಿಪ್ಪಿನ ವಿಧಾನದಲ್ಲಿ ಅದನ್ನೇ ಬಾಳೆದಿಂಡಿನ ಪದರಗಳಂತೆ ಬಿಡಿಸುವುದು. ಅಕ್ಷದ ಸುತ್ತ ಒಂದರೊಳಗೊಂದು ನಿಂತ ಕೊಳವೆಗಳು, ಪ್ರತಿಯೊಂದಕ್ಕೂ ತನ್ನದೇ ತ್ರಿಜ್ಯ, ತನ್ನದೇ ಎತ್ತರ. ತೆಳುವಾದ ಒಂದು ಕೊಳವೆಯನ್ನು ಉದ್ದಕ್ಕೆ ಸೀಳಿ ಬಿಚ್ಚಿ ಹಾಸಿದರೆ ಸಿಗುವುದು ಒಂದು ಹಾಳೆ. ಅದರ ಉದ್ದ ಪರಿಧಿಯಷ್ಟು, ಅಂದರೆ 2πr. ಎತ್ತರ h, ದಪ್ಪ dr. ಆದ್ದರಿಂದ ಘನಫಲ 2πr h dr.

ಇಲ್ಲಿ ಒಂದು ನ್ಯಾಯವಾದ ತಕರಾರು ಏಳುತ್ತದೆ. ಕೊಳವೆಗೆ ದಪ್ಪ ಇದೆಯಲ್ಲ, ಒಳಮೈ ಗಿಡ್ಡ, ಹೊರಮೈ ಉದ್ದ. ಹಾಸಿದಾಗ ಹಾಳೆಯ ಅಂಚು ಓರೆಯಾಗದೆ? ಓರೆಯಾಗುತ್ತದೆ. ಆದರೆ r ಜಾಗದಲ್ಲಿ ನಡು ತ್ರಿಜ್ಯವನ್ನು ಬಳಸಿದರೆ ಆ ಓರೆ ಪೂರ್ತಿ ತೀರಿಹೋಗುತ್ತದೆ. ಒಳ ತ್ರಿಜ್ಯ 9, ಹೊರ ತ್ರಿಜ್ಯ 12 ಇರುವ ದಪ್ಪನೆಯ ಕೊಳವೆಯ ಅಡ್ಡ ಸೀಳಿನ ವಿಸ್ತೀರ್ಣ 144π ಕಳೆ 81π, ಅಂದರೆ 63π. ಹಾಳೆಯ ಲೆಕ್ಕದಲ್ಲಿ 2π × 10.5 × 3, ಅದೂ 63π. ಚಿಪ್ಪಿನ ವಿಧಾನದಲ್ಲಿ ಅಂದಾಜು ನುಸುಳುವುದು ಬಿಚ್ಚಿ ಹಾಸುವಾಗಲ್ಲ, ಒಂದು ಕೊಳವೆಯ ಎತ್ತರ ಎಲ್ಲ ಕಡೆ ಒಂದೇ ಎಂದು ಭಾವಿಸಿದಾಗ.

ಈಗ ಎತ್ತರವನ್ನೇ ನೋಡಬೇಕು. ಹೆಚ್ಚಿನ ತಪ್ಪುಗಳು ಹುಟ್ಟುವ ಜಾಗ ಅದು. ಅಕ್ಷದಿಂದ 9 ಸೆಂ.ಮೀ.ವರೆಗೆ ಕೊಳವೆಗಳು ತಳದಿಂದ ಬಾಯಿಯವರೆಗೆ ನೇರವಾಗಿ ನಿಲ್ಲುತ್ತವೆ, ಎತ್ತರ 24. ಅದರಾಚೆ ಮೇಲೂ ಕೆಳಗೂ ಗಡಿಗೆಯ ಬಾಗಿದ ಮೈ ತಡೆಯುತ್ತದೆ, ಎತ್ತರ 2√(225 − r²) ಆಗುತ್ತದೆ. 12 ಸೆಂ.ಮೀ. ದೂರದಲ್ಲಿ ಅದು 18. 15ಕ್ಕೆ ಮುಟ್ಟಿದಾಗ ಸೊನ್ನೆ. ಹಾಗಾಗಿ ಅನುಕಲನವನ್ನು ಎರಡು ತುಂಡುಗಳಲ್ಲಿ ಬರೆಯಬೇಕು. ಒಳಗಿನ ತುಂಡು 24 ಎತ್ತರದ ಸಾದಾ ಸಿಲಿಂಡರ್, 1944π. ಹೊರಗಿನದು ಹೀಗಿದೆ:

2π ∫ r · 2√(225 − r²) dr, r = 9 ರಿಂದ 15

ವರ್ಗಮೂಲ ಕಂಡು ಹೆದರಬೇಕಿಲ್ಲ. 225 − r² ಅನ್ನು u ಎಂದು ಕರೆದರೆ ಹೊರಗಿರುವ r dr ತಾನಾಗಿಯೇ ಅದಕ್ಕೆ ಜೋಡಿಯಾಗಿ ಒದಗುತ್ತದೆ. ಉಳಿಯುವುದು 2π ∫ √u du, u = 0 ರಿಂದ 144. ಉತ್ತರ 2304π. ಎರಡನ್ನೂ ಕೂಡಿದರೆ 4248π. ಬೇರೆ ದಿಕ್ಕಿನಲ್ಲಿ ಕೊಯ್ದರೂ ನೀರು ಅಷ್ಟೇ ಇದೆ.

ಒಳಗಿನ ಸಿಲಿಂಡರನ್ನು ಮರೆತು 2304πಗೇ ನಿಲ್ಲುವುದು ವಿದ್ಯಾರ್ಥಿಗಳಿಗೆ ಬಹಳ ಸುಲಭ, ಏಕೆಂದರೆ ಬಾಗಿದ ಗೆರೆ ಶುರುವಾಗುವುದೇ r = 9ರಿಂದ. ಆಗ ಸುಮಾರು ಆರು ಲೀಟರ್ ಮಾಯವಾಗುತ್ತದೆ. ಆ 2304π ಮಾತ್ರ ಇನ್ನೊಂದು ಕಾರಣಕ್ಕೆ ಸ್ವಾರಸ್ಯದ ಸಂಖ್ಯೆ. ಅದು 12 ಸೆಂ.ಮೀ. ತ್ರಿಜ್ಯದ ಗೋಳದ ಘನಫಲಕ್ಕೆ ಸರಿಸಮ. ಹೊರ ತುಂಡಿನ ಲೆಕ್ಕದಲ್ಲಿ ಕೊನೆಗೆ ಉಳಿದದ್ದು 144 ಒಂದೇ, ಅಂದರೆ ಅರ್ಧ ಎತ್ತರದ ವರ್ಗ. ಗೋಳದ ತ್ರಿಜ್ಯ 15 ಇದ್ದರೂ 50 ಇದ್ದರೂ, ಕತ್ತರಿಸಿದ ಗೋಳದ ಎತ್ತರ 24 ಇರುವವರೆಗೆ, ಬಾಯಿಯ ನೇರದ ಸಿಲಿಂಡರನ್ನು ಹೊರತೆಗೆದ ಮೇಲೆ ಉಳಿಯುವ ಉಬ್ಬಿನ ಘನಫಲ ಬದಲಾಗುವುದೇ ಇಲ್ಲ. ದೊಡ್ಡ ಗೋಳದಲ್ಲಿ ಉಬ್ಬು ತೆಳುವಾಗುತ್ತದೆ, ಸುತ್ತಳತೆ ಹೆಚ್ಚುತ್ತದೆ, ಎರಡೂ ಸರಿದೂಗುತ್ತವೆ. ಬಿಲ್ಲೆಯ ದಾರಿಯಲ್ಲಿ ಹೋದವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಯಾವ ದಾರಿ? ಈ ಗಡಿಗೆಗೆ ಬಿಲ್ಲೆಯೇ ಸಲೀಸು. ಒಂದೇ ಅನುಕಲನ, ವರ್ಗಮೂಲದ ಗೊಡವೆಯಿಲ್ಲ. ಆದರೆ ತಳವನ್ನು ಒಳಕ್ಕೆ ಉಬ್ಬಿಸಿದ ಪಾತ್ರೆಗಳಿವೆ. ನಡುವೆ ದಿಣ್ಣೆ, ಸುತ್ತ ಹಳ್ಳ, ಕೊನೆಗೆ ಮತ್ತೆ ಏರುವ ಅಂಚು. 10 ಸೆಂ.ಮೀ. ತ್ರಿಜ್ಯದ ಅಂಥ ಒಂದು ಪಾತ್ರೆಯ ಒಳತಳ z = (r³ − 10r²)/50 ಎಂಬ ಗೆರೆಯನ್ನು ಅನುಸರಿಸುತ್ತದೆ ಎನ್ನೋಣ. ನಡುವಿನ ದಿಣ್ಣೆಯ ತುದಿಯೂ ಹೊರ ಅಂಚೂ ಒಂದೇ ಮಟ್ಟದಲ್ಲಿವೆ, ಹಳ್ಳದ ಆಳ ಹೆಚ್ಚೆಂದರೆ 3 ಸೆಂ.ಮೀ.ಗೆ ತುಸು ಕಡಿಮೆ. ಅಂಚಿನ ಮಟ್ಟಕ್ಕೆ ನೀರು ತುಂಬಿದರೆ ಎಷ್ಟು ಹಿಡಿಯುತ್ತದೆ?

ಬಿಲ್ಲೆಗೆ ಹೊರಟರೆ ಪ್ರತಿ ಅಡ್ಡ ಸೀಳೂ ನಡುವೆ ತೂತಿರುವ ಬಳೆಯಾಗುತ್ತದೆ. ಒಳ ತ್ರಿಜ್ಯ ಒಂದು, ಹೊರ ತ್ರಿಜ್ಯ ಇನ್ನೊಂದು. ಎರಡನ್ನೂ ತಿಳಿಯಲು ಪ್ರತಿ ಎತ್ತರದಲ್ಲೂ ಮೂರನೇ ಘಾತದ ಸಮೀಕರಣವನ್ನು ಬಿಡಿಸಬೇಕು. ಚಿಪ್ಪಿಗೆ ಈ ತಾಪತ್ರಯವಿಲ್ಲ. ಯಾವ r ತೆಗೆದುಕೊಂಡರೂ ಅಲ್ಲಿನ ನೀರಿನ ಎತ್ತರ (10r² − r³)/50 ಎಂದು ಗೆರೆಯೇ ಹೇಳುತ್ತಿದೆ. ಅದನ್ನು 2πr ನಿಂದ ಗುಣಿಸಿ ಸೊನ್ನೆಯಿಂದ 10ರವರೆಗೆ ಕೂಡಿಸಿದರೆ 200π, ಅಂದರೆ 628 ಮಿಲಿಲೀಟರ್. ಲೆಕ್ಕ ಎರಡು ಸಾಲಿನಲ್ಲಿ ಮುಗಿಯುತ್ತದೆ. ಗೆರೆ ತ್ರಿಜ್ಯವನ್ನು ಎತ್ತರದ ಮೂಲಕ ಹೇಳುತ್ತಿದೆಯೋ, ಎತ್ತರವನ್ನು ತ್ರಿಜ್ಯದ ಮೂಲಕ ಹೇಳುತ್ತಿದೆಯೋ ಎಂದು ಮೊದಲು ನೋಡಿಕೊಂಡರೆ ಸಾಕು, ಕೊಯ್ಯುವ ದಿಕ್ಕು ತಾನೇ ಗೊತ್ತಾಗುತ್ತದೆ.

ಬಳೆಯಂಥ ಸೀಳಿನ ಮಾತು ಬಂದದ್ದರಿಂದ ಗಡಿಗೆಯ ಮಣ್ಣಿನ ಕಡೆಗೂ ನೋಡಬೇಕು. ಗೋಡೆಯ ದಪ್ಪ 6 ಮಿ.ಮೀ. ಇದ್ದರೆ ಹೊರಮೈ 15.6 ಸೆಂ.ಮೀ. ತ್ರಿಜ್ಯದ ಗೋಳ. ನಡುಮಟ್ಟದಲ್ಲಿ ಮಣ್ಣಿನ ಬಳೆಯ ವಿಸ್ತೀರ್ಣಕ್ಕೆ ಎರಡು ವರ್ಗಗಳ ವ್ಯತ್ಯಾಸ ಬೇಕು: 15.6² − 15² = 18.36. ಅವಸರದಲ್ಲಿ ಇದನ್ನು ವ್ಯತ್ಯಾಸದ ವರ್ಗ ಎಂದು ಬರೆದವರಿಗೆ ಸಿಗುವುದು 0.6², ಅಂದರೆ 0.36. ಸರಿಯಾದುದರ ಐವತ್ತೊಂದನೇ ಒಂದು ಭಾಗ. ಬಳೆ ಸೂತ್ರದಲ್ಲಿ ಇದಕ್ಕಿಂತ ದೊಡ್ಡ ಹೊಂಡ ಇಲ್ಲ.

ಬೇರೆ ಎತ್ತರಗಳಲ್ಲೂ ಈ 18.36 ಬದಲಾಗುವುದಿಲ್ಲ, ಏಕೆಂದರೆ ಎರಡೂ ಗೋಳಗಳಿಂದ ಕಳೆಯುವ z² ಒಂದೇ. ಬಾಯಿಯ ಹತ್ತಿರ ಅಡ್ಡಲಾಗಿ ಅಳೆದರೆ ಗೋಡೆ 6 ಮಿ.ಮೀ. ಬದಲು ಹೆಚ್ಚುಕಡಿಮೆ ಒಂದು ಸೆಂ.ಮೀ. ಕಾಣುತ್ತದೆ, ಏಕೆಂದರೆ ಅಲ್ಲಿ ಮೈ ಓರೆಯಾಗಿದೆ. ಬಳೆ ಚಿಕ್ಕದಾದಷ್ಟೂ ಅಗಲವಾಗಿ ವಿಸ್ತೀರ್ಣ ಉಳಿಸಿಕೊಳ್ಳುತ್ತದೆ. ಹಾಗಾಗಿ ಗೋಡೆಯ ಮಣ್ಣು 18.36 × 24π, ಸುಮಾರು 1384 ಘನ ಸೆಂ.ಮೀ. ತಳದ ಮಣ್ಣು ಇದರಲ್ಲಿ ಸೇರಿಲ್ಲ.

ದರ್ಜಿಯ ಟೇಪು ಹಿಡಿದು ಗಡಿಗೆ ಅಳೆಯುವವರಿಗೆ ಈ ಮಣ್ಣೇ ತೊಡಕು. ತ್ರಿಜ್ಯವನ್ನು ನೇರವಾಗಿ ಅಳೆಯಲಾಗದು, ಸುತ್ತಳತೆ ತೆಗೆಯಬಹುದು. ಸುತ್ತಳತೆಯ ವರ್ಗವನ್ನು 4πಯಿಂದ ಭಾಗಿಸಿದರೆ ವೃತ್ತದ ವಿಸ್ತೀರ್ಣ ಸಿಗುತ್ತದೆ. ಈ ಗಡಿಗೆಯ ಹೊಟ್ಟೆಗೆ ಟೇಪು ಸುತ್ತಿದರೆ 98 ಸೆಂ.ಮೀ., ತಳ ಮತ್ತು ಬಾಯಿಯ ಅಂಚಿನಲ್ಲಿ 62.6 ಸೆಂ.ಮೀ. ಮೂರನ್ನೂ ಕೆಪ್ಲರನ ನಿಯಮಕ್ಕೆ ಹಾಕಿದರೆ 14.7 ಲೀಟರ್ ಬರುತ್ತದೆ. ಒಳಗೆ ಹಿಡಿಯುವುದು 13.35. ಬರೀ 6 ಮಿ.ಮೀ. ಗೋಡೆ ಉತ್ತರವನ್ನು ನೂರಕ್ಕೆ ಹತ್ತರಷ್ಟು ಉಬ್ಬಿಸಿದೆ. ಕೈಯಲ್ಲಿ ತಟ್ಟಿದ ಗಡಿಗೆ ಪೂರ್ತಿ ದುಂಡಗಿರುವುದಿಲ್ಲವಲ್ಲ ಎಂದು ಚಿಂತಿಸುವವರೇ ಹೆಚ್ಚು, ಆದರೆ ಆ ಸೊಟ್ಟದ ಪಾಲು ತೀರಾ ಚಿಕ್ಕದು. ಒಳಹೊಟ್ಟೆ ಒಂದು ಕಡೆಯಿಂದ 31, ಇನ್ನೊಂದು ಕಡೆಯಿಂದ 29 ಸೆಂ.ಮೀ. ಅಗಲವಿದ್ದು ಅಂಡಾಕಾರವಾಗಿದ್ದರೂ ಸೀಳಿನ ವಿಸ್ತೀರ್ಣ 225π ಬದಲು 224.75π ಆಗುತ್ತದೆ, ಅಷ್ಟೇ.